ಮಂಗಳದ ತೂಕ: ಮಾನ್ವಿಯ ಒಂದು ಅಂಗಡಿ ತೆರೆದ ದಿನ

ಮಾನ್ವಿಯಲ್ಲಿರುವ ನನ್ನ ತಂಗಿಯ ಮಗ ಕಳೆದ ಕಾರ್ತಿಕದಲ್ಲಿ ಕಿರಾಣಿ ಅಂಗಡಿಯೊಂದನ್ನು ತೆರೆದನು. ಮುಹೂರ್ತಕ್ಕೆ ನಾಲ್ಕು ದಿನ ಮೊದಲು ರಾಯಚೂರಿನ ನನ್ನ ಮನೆಗೆ ಒಂದು ಕಾಗದ ಹಿಡಿದು ಬಂದಿದ್ದ. ಪಕ್ಕದ ಅಂಗಡಿಯ ಹಿರಿಯರೊಬ್ಬರು ಪ್ರೀತಿಯಿಂದ ಬರೆದುಕೊಟ್ಟ ಪೂಜಾಸಾಮಾನುಗಳ ಪಟ್ಟಿ ಅದು. ಅದನ್ನು ನನ್ನ ಮುಂದಿಟ್ಟು ಅವನು ಕೇಳಿದ್ದು ಒಂದೇ ಮಾತು: “ಮಾಮಾ, ಇದರಾಗ ನಮಗ ಯಾವುದು ಬೇಕು, ಯಾವುದು ಬ್ಯಾಡ?”

ಪ್ರಶ್ನೆ ಸರಳವಾಗಿತ್ತು, ಉತ್ತರ ಹಾಗಿರಲಿಲ್ಲ. ಮೂವತ್ತು ವರ್ಷಗಳಿಂದ ಪ್ರಾಕೃತ ಮತ್ತು ಹಳಗನ್ನಡದ ಜೈನ ಗ್ರಂಥಗಳನ್ನು ಓದುತ್ತ ಬಂದವನಿಗೆ ‘ಮಂಗಳ’ ಎಂಬ ಶಬ್ದದ ಮೇಲೆ ಒಂದು ಉಪನ್ಯಾಸ ಮಾಡುವುದು ಕಷ್ಟವಲ್ಲ. ಆದರೆ ತೆಂಗಿನಕಾಯಿಯನ್ನು ಒಡೆಯಬೇಕೋ ಬೇಡವೋ ಎಂದು ನೇರವಾಗಿ ಕೇಳಿದವನಿಗೆ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ಅವನ ಅಂಗಡಿಯಿರುವ ಬೀದಿಯಲ್ಲಿ ಲಿಂಗಾಯತರಿದ್ದಾರೆ, ಮುಸಲ್ಮಾನರಿದ್ದಾರೆ, ವೈಷ್ಣವ ಬ್ರಾಹ್ಮಣರಿದ್ದಾರೆ. ಜೈನ ಮನೆ ಎಂಬುದು ಅವನದೊಂದೇ. ನಾಳೆ ಅವನ ಗಿರಾಕಿಗಳಾಗಬೇಕಾದವರೆಲ್ಲರೂ ಅಂದು ಅತಿಥಿಗಳಾಗಿ ಬರುವವರು. ಆದ್ದರಿಂದ ನಾನು ಕೊಡುವ ಉತ್ತರವು ಶಾಸ್ತ್ರಕ್ಕೂ ಒಪ್ಪಬೇಕಾಗಿತ್ತು, ಬೀದಿಗೂ ಒಪ್ಪಬೇಕಾಗಿತ್ತು.

ಪಟ್ಟಿಯನ್ನು ಓದಿದೆ. ಐದು ತೆಂಗಿನಕಾಯಿ, ಇಪ್ಪತ್ತೈದು ವೀಳ್ಯದೆಲೆ, ಐದೈದು ಅಡಿಕೆ, ಉತ್ತುತ್ತಿ, ಅರಿಶಿನದ ಕೊಂಬು, ಎರಡು ಕೊಬ್ಬರಿ ಬಟ್ಟಲು, ಅರಿಶಿನ, ಕುಂಕುಮ, ಅಕ್ಷತೆ, ಊದಿನಕಡ್ಡಿ, ಕರ್ಪೂರ, ಮಾವಿನೆಲೆಯ ತೋರಣ, ಚೆಂಡುಹೂವಿನ ಮಾಲೆ, ಒಂದು ಡಜನ್ ಬಾಳೆಹಣ್ಣು, ಕಲ್ಲುಸಕ್ಕರೆ, ಪೇಡೆ, ತುಪ್ಪ, ಬತ್ತಿ, ಹೊಸ ಖಾತೆ ಪುಸ್ತಕ, ಕೆಂಪು ಶಾಯಿಯ ಪೆನ್ನು, ಗಲ್ಲಾ ಪೆಟ್ಟಿಗೆಗೆ ಇಡಲು ಒಂದು ಬೆಳ್ಳಿ ನಾಣ್ಯ, ಬಾಗಿಲಿಗೆ ಕಟ್ಟಲು ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕೊನೆಯಲ್ಲಿ, ಅಡಿಗೆರೆ ಎಳೆದು, ಒಂದು ದೊಡ್ಡ ಬೂದುಗುಂಬಳಕಾಯಿ. ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಯಾವ ಅಂಗಡಿ ತೆರೆದರೂ ಸ್ವಲ್ಪ ಹೆಚ್ಚುಕಡಿಮೆ ಇದೇ ಪಟ್ಟಿ ಇರುತ್ತದೆ.

ಇದನ್ನು ಓದುವಾಗ ನನಗೆ ಇನ್ನೊಂದು ಪಟ್ಟಿ ನೆನಪಾಯಿತು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ‘ಧವಳಾ’ ಟೀಕೆಯು ಮಂಗಳದ ಚರ್ಚೆಯಿಂದಲೇ ಆರಂಭವಾಗುತ್ತದೆ. ಶತಮಾನಗಳ ಕಾಲ ಮೂಡಬಿದಿರೆಯ ತಾಳೆಗರಿಗಳಲ್ಲಿ ಕಾಪಾಡಿಕೊಂಡು ಬಂದ ಈ ಗ್ರಂಥದ ಮೊದಲ ಸಂಪುಟವು 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಯಿತು. ಅದರಲ್ಲಿ ಆಚಾರ್ಯರು ಲೌಕಿಕ ಮಂಗಳಗಳನ್ನು ಎಣಿಸುವಾಗ ಹೇಳುವ ವಸ್ತುಗಳು ಇವು: ಬಿಳಿಸಾಸಿವೆ, ತುಂಬಿದ ಕೊಡ, ವಂದನಮಾಲೆ, ಛತ್ರ, ಬಿಳಿಯ ಬಣ್ಣ, ಕನ್ನಡಿ, ಕನ್ಯೆ, ಜಾತ್ಯಶ್ವ. ವಂದನಮಾಲೆಯೆಂದರೆ ನಮ್ಮ ತೋರಣವೇ. ತುಂಬಿದ ಕೊಡ ಇಂದಿನ ಕಲಶ. ಬಿಳಿಯ ಬಣ್ಣವನ್ನು ಅಕ್ಕಿಯಲ್ಲಿ ಕಾಣಬಹುದು. ಸಾಸಿವೆಯಂತೂ ಕಿರಾಣಿ ಅಂಗಡಿಯಲ್ಲಿ ಹುಡುಕಬೇಕಾದ ವಸ್ತುವಲ್ಲ. ಆದರೆ ಗಮನಿಸಬೇಕಾದುದೇನೆಂದರೆ, ಆ ಎಂಟರಲ್ಲಿ ದೀಪವಿಲ್ಲ, ತೆಂಗಿನಕಾಯಿಯೂ ಇಲ್ಲ. ಇಂದು ಯಾವ ಎರಡು ವಸ್ತುಗಳಿಲ್ಲದೆ ಅಂಗಡಿಯ ಬಾಗಿಲು ತೆರೆಯುವುದೇ ಇಲ್ಲವೆಂದು ನಾವು ಭಾವಿಸಿದ್ದೇವೆಯೋ ಅವೆರಡೂ ಆ ಪಟ್ಟಿಯ ಹೊರಗಿವೆ. ಅಂದರೆ ಅವು ನಿಷಿದ್ಧವೆಂದಲ್ಲ. ಮಂಗಳವಸ್ತುಗಳ ಪಟ್ಟಿ ಕಾಲದೇಶಗಳಿಗೆ ತಕ್ಕಂತೆ ಬದಲಾಗುತ್ತ ಬಂದಿದೆ ಎಂದಷ್ಟೇ ಅದರ ಅರ್ಥ.

ಬದಲಾಗದೆ ಉಳಿದದ್ದು ಆ ಶಬ್ದಕ್ಕೆ ಆಚಾರ್ಯರು ಕೊಟ್ಟ ನಿರುಕ್ತಿ. ಮಲವನ್ನು ಕರಗಿಸುವುದು ಮಂಗಳ. ಸುಖವನ್ನು ತರುವುದು ಮಂಗಳ. ಮಲವೆಂದರೆ ಮೈಯ ಕೊಳೆಯಿಂದ ಹಿಡಿದು ಆತ್ಮಕ್ಕಂಟಿದ ಕರ್ಮ ಮತ್ತು ಅಜ್ಞಾನದವರೆಗೆ ಎಲ್ಲವೂ ಹೌದು. ಈ ನಿರುಕ್ತಿಯನ್ನು ಅಳತೆಗೋಲಾಗಿ ಹಿಡಿದು ಪಟ್ಟಿಯ ಒಂದೊಂದು ವಸ್ತುವನ್ನೂ ನೋಡೋಣವೆಂದು ಹುಡುಗನಿಗೆ ಹೇಳಿದೆ.

ಆದರೆ ಮಂಗಳದ ಮೊದಲ ಹೆಜ್ಜೆಯನ್ನು ಅವನು ಆಗಲೇ ಇಟ್ಟಿದ್ದ ಎಂಬುದನ್ನು ಇಲ್ಲಿ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯ ಸುತ್ತ ಭತ್ತ ಬೆಳೆಯುತ್ತದೆ. ದೇವದುರ್ಗದ ಕಡೆ ಹತ್ತಿ. ಎರಡೂ ಊರುಗಳಲ್ಲಿ ಹೊಸಬನೊಬ್ಬ ಅಂಗಡಿ ಇಡುತ್ತೇನೆಂದರೆ ಎಲ್ಲರೂ ಮೊದಲು ಸೂಚಿಸುವುದು ಬೀಜ, ಗೊಬ್ಬರ, ಕ್ರಿಮಿನಾಶಕಗಳ ಅಂಗಡಿಯನ್ನೇ. ಅವನಿಗೂ ಹಾಗೆಯೇ ಸೂಚಿಸಿದ್ದರು. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು ಎಂಬುದನ್ನು ಅವನ ಅಜ್ಜಿ ಎಂದೋ ಹೇಳಿದ್ದಳು. ಅದನ್ನು ನೆನಪಿಟ್ಟುಕೊಂಡು, ಲಾಭ ಕಡಿಮೆಯಾದರೂ ಕಿರಾಣಿಯೇ ಇರಲಿ ಎಂದು ತೀರ್ಮಾನಿಸಿದ್ದ. ಏನನ್ನು ಮಾರಬಾರದು ಎಂಬ ನಿರ್ಧಾರವು ತೋರಣ ಕಟ್ಟುವುದಕ್ಕಿಂತ ಎಷ್ಟೋ ಮೊದಲು ಆಗಬೇಕಾದದ್ದು.

ದೀಪದ ವಿಷಯಕ್ಕೆ ಬರುತ್ತೇನೆ. ದೀಪ ಮಂಗಳವೇ, ಜೈನರಿಗಂತೂ ಅದಕ್ಕೊಂದು ಚರಿತ್ರೆಯೇ ಇದೆ. ಪುನ್ನಾಟ ಸಂಘದ ಜಿನಸೇನರು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ಮುಗಿಸಿದ ಹರಿವಂಶಪುರಾಣದಲ್ಲಿ ಮಹಾವೀರರ ನಿರ್ವಾಣದಂದು ಪಾವಾನಗರವು ದೀಪಗಳ ಸಾಲಿನಿಂದ ಬೆಳಗಿದ್ದನ್ನೂ, ಅಂದಿನಿಂದ ಜನರು ವರ್ಷವರ್ಷವೂ ದೀಪಾಲಿಕೆಯನ್ನು ಆಚರಿಸುತ್ತಿರುವುದನ್ನೂ ಹೇಳಿದ್ದಾರೆ. ಆ ಪುನ್ನಾಟ ಕರ್ನಾಟಕದ ನಾಡೇ. ಹೀಗಿದ್ದೂ ದೀಪವು ಬೆಂಕಿ ಎಂಬುದನ್ನು ನಮ್ಮ ಹಿರಿಯರು ಮರೆಯಲಿಲ್ಲ. ದೇವದುರ್ಗದಲ್ಲಿ ತಂಗಿಯ ಮಾವನವರ ಅಂಗಡಿಯಿದ್ದಾಗ ಸಂಜೆಯ ದೀಪಕ್ಕೆ ಗಾಜಿನ ಬುರುಡೆ ಮುಚ್ಚದೆ ಇಡುತ್ತಿರಲಿಲ್ಲ. ಕಾಲುವೆ ಮತ್ತು ಹೊಲಗಳ ಸೀಮೆಯಲ್ಲಿ ಮಳೆ ನಿಂತ ಮೇಲಿನ ಸಂಜೆಗಳಲ್ಲಿ ಹುಳುಗಳು ಬೆಳಕಿಗೆ ಮುತ್ತುತ್ತವೆ. ತೆರೆದ ದೀಪವೆಂದರೆ ಅವಕ್ಕೆ ಚಿತೆ. ಆದ್ದರಿಂದ ನಾನು ಹೇಳಿದ್ದು ಇಷ್ಟು: ಮುಹೂರ್ತ ಬೆಳಗಿನದೇ ಇರಲಿ, ಸೂರ್ಯ ಹುಟ್ಟಿ ಎರಡು ಗಳಿಗೆ ಕಳೆದ ಮೇಲೆ ದೀಪ ಹಚ್ಚೋಣ, ಸಂಜೆಗೂ ದೀಪ ಬೇಕೆನಿಸಿದರೆ ಗಾಜು ಮುಚ್ಚಿಡು.

ಇನ್ನುಳಿದದ್ದು ಬಳಕೆಯ ಮಾತು. ನಮ್ಮ ಕಡೆ ಸಮೆ ಎನ್ನುವ ಹಿತ್ತಾಳೆಯ ಕಾಲುದೀಪವನ್ನು ಒಂದು ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲಿಡಬೇಕು. ಅಕ್ಕಿ ಅಲಂಕಾರಕ್ಕಷ್ಟೇ ಅಲ್ಲ. ದೀಪದ ಬುಡ ಅಲುಗದಂತೆ ಹಿಡಿಯುತ್ತದೆ, ಸೋರಿದ ತುಪ್ಪವನ್ನು ಹೀರುತ್ತದೆ. ಬತ್ತಿಯನ್ನು ಹಿಂದಿನ ರಾತ್ರಿಯೇ ತುಪ್ಪದಲ್ಲಿ ನೆನೆಸಿಟ್ಟರೆ ಮೊದಲ ಕಡ್ಡಿಗೇ ಹೊತ್ತಿಕೊಳ್ಳುತ್ತದೆ. ಒಣ ಬತ್ತಿ ತುದಿಯಲ್ಲಷ್ಟೇ ಉರಿದು ಕರಿಯಾಗಿ ನಿಂತುಬಿಡುತ್ತದೆ. ಕಾರ್ತಿಕದ ಚಳಿಯಲ್ಲಿ ತುಪ್ಪ ಹೆಪ್ಪುಗಟ್ಟಿರುತ್ತದೆ, ಅದನ್ನು ಕರಗಿಸಿಯೇ ಹಾಕಬೇಕು. ಹೊಸ ಅಂಗಡಿಯಲ್ಲಿ ಗೋಣಿಚೀಲ, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಪೊಟ್ಟಣಗಳು ರಾಶಿ ಬಿದ್ದಿರುತ್ತವೆ. ದೀಪದ ಸುತ್ತ ಎರಡು ಮೊಳ ಜಾಗ ಖಾಲಿಯಿರಬೇಕು. ಕರ್ಪೂರದ ತಟ್ಟೆಯನ್ನು ಎಣ್ಣೆ ಡಬ್ಬಿಗಳಿರುವ ಕಡೆ ಒಯ್ಯಬಾರದು. ಮತ್ತು ಫ್ಯಾನಿನ ಗುಂಡಿಯ ಮೇಲೆ ಒಂದು ಕಣ್ಣಿರಬೇಕು.

ಈ ಕೊನೆಯ ಮಾತನ್ನು ನಾನು ಹೇಳಿದ್ದೆ, ಆದರೂ ಆಗುವುದು ಆಗಿಯೇ ಆಯಿತು. ಮುಹೂರ್ತದ ದಿನ ಜನ ಸೇರಿ ಸೆಕೆಯಾದಾಗ ಯಾರೋ ಒಬ್ಬ ಹುಡುಗ ಫ್ಯಾನ್ ಹಾಕಿದ, ಹಚ್ಚಿ ಎರಡು ನಿಮಿಷವೂ ಆಗಿರದ ದೀಪ ಶಾಂತವಾಯಿತು. ತಂಗಿಯ ಮುಖ ಬಿಳಿಚಿಕೊಂಡಿತು. ನೆರೆದವರಲ್ಲಿ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆಗ ನಾನು ನಿಮಿತ್ತಶಾಸ್ತ್ರವನ್ನು ಖಂಡಿಸಲು ಹೋಗಲಿಲ್ಲ. “ಗಾಳಿಗೆ ಆತವ್ವ, ಫ್ಯಾನ್ ಬಂದ್ ಮಾಡ್ರಿ” ಎಂದೆ. ಕಾರಣ ಕಣ್ಣೆದುರಿಗೇ ತಿರುಗುತ್ತಿರುವಾಗ ಅಪಶಕುನವನ್ನು ಹುಡುಕಿಕೊಂಡು ಹೋಗುವ ಅಗತ್ಯವಿರಲಿಲ್ಲ. ತಂಗಿ ಮತ್ತೆ ದೀಪ ಹಚ್ಚಿದಳು. ಅದು ಮಧ್ಯಾಹ್ನದವರೆಗೂ ಉರಿಯಿತು.

ತೆಂಗಿನಕಾಯಿಯದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ನಮ್ಮ ಬಸದಿಗಳಲ್ಲಿ ಶ್ರೀಫಲವನ್ನು ಇಡಿಯಾಗಿ ಅರ್ಪಿಸುವುದು ರೂಢಿ. ಕಲಶದ ಮೇಲೆ ಇಡುವುದೂ ಇಡಿಯ ಕಾಯಿಯೇ. ನೆರೆಹೊರೆಯಲ್ಲಾದರೋ ಒಡೆಯದ ಕಾಯಿ ಪೂಜೆಗೆ ಬಂದ ಕಾಯಿಯೇ ಅಲ್ಲ; ಅದು ಒಡೆದು, ಹೋಳು ಹಂಚಿದಾಗಲೇ ಕಾರ್ಯ ಮುಗಿದಂತೆ. ಕಾಯಿ ಒಡೆಯುವುದು ಬಲಿಯ ಬದಲಿಗೆ ಬಂದ ಆಚಾರ, ಮೂರು ಕಣ್ಣಿನ ಕಾಯಿ ತಲೆಯ ಪ್ರತಿರೂಪ ಎಂದು ವಿವರಿಸುವವರಿದ್ದಾರೆ. ಈ ವಿವರಣೆಯನ್ನು ಕೇಳಿದ ಜೈನನಿಗೆ ತಟ್ಟನೆ ನೆನಪಾಗುವುದು ಯಶೋಧರನ ಕಥೆ.

ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಯನ್ನು ಓದಿದವರಿಗೆ ಗೊತ್ತು: ಅಲ್ಲಿ ಕೊಂದದ್ದು ಜೀವವಿದ್ದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ತಾಯಿಯ ಒತ್ತಾಯಕ್ಕೆ ಮಣಿದು, ಜೀವಬಲಿಯ ಬದಲಿಗೆ ಪಿಷ್ಟದ ಕೋಳಿಯಾದರೆ ದೋಷವಿಲ್ಲವೆಂದು ಯಶೋಧರನು ಕತ್ತಿಯೆತ್ತುತ್ತಾನೆ. ಅದರ ಫಲವಾಗಿ ತಾಯಿ, ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಹಿಟ್ಟಿಗೆ ನೋವಾಗಲಿಲ್ಲ ನಿಜ. ಆದರೆ ಕೊಲ್ಲುತ್ತಿದ್ದೇನೆಂಬ ಸಂಕಲ್ಪವು ಕೊಂದಷ್ಟೇ ಕೆಲಸ ಮಾಡಿತು. ಸಂಕಲ್ಪಹಿಂಸೆ ಎಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿಲ್ಲ.

ಹಾಗಾದರೆ ಕಾಯಿ ಒಡೆಯುವುದೂ ಸಂಕಲ್ಪಹಿಂಸೆಯೇ? ನಾನು ಬಹಳ ಯೋಚಿಸಿ ಅಲ್ಲವೆಂದೆ. ಕಥೆಯ ತಿರುಳಿರುವುದು ವಸ್ತುವಿನಲ್ಲಲ್ಲ, ಒಡೆಯುವವನ ಭಾವದಲ್ಲಿ. ಇಂದು ರಾಯಚೂರಿನಲ್ಲಿ ಕಾಯಿ ಒಡೆಯುವ ಯಾರ ಮನಸ್ಸಿನಲ್ಲೂ ತಲೆಯ ಕಲ್ಪನೆ ಇಲ್ಲ. ಹಣ್ಣನ್ನು ಹೆಚ್ಚಿ ನಾಲ್ವರಿಗೆ ಹಂಚುವ ಭಾವವಷ್ಟೇ ಇದೆ. ನಾವು ಮನೆಯಲ್ಲಿ ಚಟ್ನಿಗೆ ಕಾಯಿ ಒಡೆಯುವುದಿಲ್ಲವೇ? ಆದರೆ ಪಟ್ಟಿಯ ಕೊನೆಯ ಬೂದುಗುಂಬಳದ ಮಾತು ಬೇರೆ. ಅದಕ್ಕೆ ತೂತು ಕೊರೆದು, ಕುಂಕುಮ ತುಂಬಿ, ನಿವಾಳಿಸಿ, ಹೊಸ್ತಿಲಿನ ಮುಂದೆ ಅಪ್ಪಳಿಸಿದಾಗ ಕೆಂಪು ತಿರುಳು ಹರಡಬೇಕು. ಅಲ್ಲಿ ಬಲಿಯ ಭಾವ ಅಡಗಿಲ್ಲ, ಎದ್ದು ಕಾಣುತ್ತದೆ. ಕುಂಕುಮ ನಿಂತಿರುವುದು ರಕ್ತದ ಸ್ಥಾನದಲ್ಲಿ. ಜನ್ನನನ್ನು ಓದಿದವನು ಅದಕ್ಕೆ ಕೈ ಹಾಕಲಾರ. ಅದರ ಮೇಲೆ ಲೌಕಿಕ ಕಾರಣವೂ ಇದೆ. ಆ ಹೋಳುಗಳನ್ನು ಯಾರೂ ಗುಡಿಸುವುದಿಲ್ಲ, ಮುಂಜಾನೆಯ ದ್ವಿಚಕ್ರ ವಾಹನಗಳು ಅದರ ಮೇಲೆ ಜಾರುತ್ತವೆ. ಹೊಸ ಅಂಗಡಿಯ ದೃಷ್ಟಿ ತೆಗೆಯಲು ದಾರಿಹೋಕನ ಕಾಲು ಮುರಿಯಬೇಕಾಗಿಲ್ಲ.

ಹೀಗೆ ತೀರ್ಮಾನವಾಯಿತು: ಐದು ಕಾಯಿಗಳಲ್ಲಿ ಒಂದು ಇಡಿಯಾಗಿ ಕಲಶದ ಮೇಲೆ, ನಾಲ್ಕನ್ನು ಹೊಸ್ತಿಲಿಗೆ ಬಡಿಯದೆ, ಒಳಗೆ ಪಾತ್ರೆಯ ಮೇಲೆ ಹಿಡಿದು ಒಡೆದು, ನೀರನ್ನೂ ಹೋಳನ್ನೂ ಬಂದವರಿಗೆ ಬೆಲ್ಲದ ಜೊತೆ ಹಂಚುವುದು. ಬೂದುಗುಂಬಳ ಬೇಡ. ಆದರೆ ಅದನ್ನು ಬರೆದುಕೊಟ್ಟ ಹಿರಿಯರಿಗೆ ಮೊದಲೇ ಹೋಗಿ ಹೇಳಬೇಕು. ಅಂದು ಎಲ್ಲರೆದುರಿಗೆ ಅವರು ಕೇಳಿ, ಇವನು ಇಲ್ಲವೆನ್ನುವಂತಾಗಬಾರದು. ಹುಡುಗ ಹೋಗಿ ಹೇಳಿದ. ಅವರು, “ನಿಮ್ಮ ಧರ್ಮದಾಗ ಇಲ್ಲಂದ್ರ ಬಿಡಪ. ಕಾಯಿ ಮಾತ್ರ ನಾನ ಒಡಿತೀನಿ” ಎಂದರಂತೆ. ಹಾಗೆಯೇ ಆಯಿತು.

ಕಾಯಿ ಆರಿಸುವುದೂ ಒಂದು ವಿದ್ಯೆ. ಕೆಟ್ಟ ಕಾಯಿ ಬಂದರೆ ಅಶುಭವೆಂದು ಅಳುಕುವವರು ಅಂಗಡಿಯಲ್ಲಿ ಆರಿಸುವಾಗ ಆ ಎಚ್ಚರ ತೋರುವುದಿಲ್ಲ. ಕಿವಿಯ ಬಳಿ ಅಲುಗಿಸಿದರೆ ನೀರು ತುಳುಕುವ ಸದ್ದು ಸ್ಪಷ್ಟವಾಗಿರಬೇಕು. ಗಾತ್ರಕ್ಕೆ ತಕ್ಕ ತೂಕವಿರಬೇಕು. ಚಿಪ್ಪಿನ ಮೇಲೆ ತೆಳ್ಳನೆಯ ಬಿರುಕಿರಬಾರದು. ಕಣ್ಣುಗಳ ಬಳಿ ಒದ್ದೆ ಅಥವಾ ಬೂಸಲು ಕಂಡರೆ ಒಳಗೆ ಕೊಳೆತಿದೆಯೆಂದೇ ಅರ್ಥ. ಜುಟ್ಟನ್ನು ಒಡೆಯುವ ತನಕ ಕೀಳಬಾರದು, ಏಕೆಂದರೆ ಅದು ಮೆತ್ತನೆಯ ಕಣ್ಣನ್ನು ಕಾಯುತ್ತದೆ. ಒಡೆಯುವಾಗ ಒಂದೇ ಕಡೆ ಜೋರಾಗಿ ಹೊಡೆಯದೆ, ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ ನಡುಗೆರೆಯ ಉದ್ದಕ್ಕೂ ಮೂರು ನಾಲ್ಕು ಪೆಟ್ಟು ಹಾಕಿದರೆ ಸಮನಾದ ಎರಡು ಹೋಳಾಗುತ್ತದೆ. ಆ ಹಿರಿಯರ ಕೈಯಲ್ಲಿ ನಾಲ್ಕೂ ಹಾಗೆಯೇ ಒಡೆದವು.

ಇನ್ನು ಬೋಣಿಗೆ. ತೆಲುಗಿನವರ ಬೋಣಿ, ಹಿಂದಿ ಮತ್ತು ಉರ್ದುವಿನವರ ಬೋಹನಿ, ಮರಾಠಿಗರ ಭವಾನಿ, ನಮ್ಮ ಬೋಣಿಗೆ, ಎಲ್ಲವೂ ಮೊದಲ ಮಾರಾಟದ ಹೆಸರುಗಳೇ. ತೆಲುಗು, ಉರ್ದು, ಮರಾಠಿ, ಕನ್ನಡಗಳು ಕೂಡಿಬಾಳುವ ರಾಯಚೂರಿನ ಪೇಟೆಯಲ್ಲಿ ಈ ಶಬ್ದಕ್ಕೆ ಅನುವಾದವೇ ಬೇಕಾಗಿಲ್ಲ. ಅದರ ಕಟ್ಟಳೆಗಳೂ ಎಲ್ಲರಿಗೂ ಗೊತ್ತು: ಬೋಣಿಗೆ ಉದ್ದರಿ ಆಗಬಾರದು; ಬೋಣಿಗೆಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು; ಬಂದ ಹಣವನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಬೇಕು, ದಿನ ಮುಳುಗುವ ತನಕ ಅದು ಹೊರಗೆ ಹೋಗಬಾರದು. ನಮ್ಮ ಮನೆಯ ರೂಢಿಯಲ್ಲಿ ಮೊದಲು ಮಾರುವುದು ಸಕ್ಕರೆ ಅಥವಾ ಬೆಲ್ಲ.

ಯಾರಿಂದ ಬೋಣಿಗೆ ಮಾಡಿಸಬೇಕು ಎಂಬುದರ ಬಗ್ಗೆ ಮನೆಯಲ್ಲಿ ಚರ್ಚೆ ನಡೆದಿತ್ತು. ಊರಿನ ದೊಡ್ಡ ವ್ಯಾಪಾರಿಯೊಬ್ಬರ ಹೆಸರು ಬಂತು. ಮುತ್ತೈದೆಯೊಬ್ಬರ ಹೆಸರು ಬಂತು. ನಾನು ಬೇರೊಂದು ಮಾತು ಹೇಳಿದೆ. ಮಾನ್ವಿಯಿಂದ ಸಿಂಧನೂರಿನ ದಾರಿಯಾಗಿ ಮುಂದೆ ಹೋದರೆ ಮಸ್ಕಿ ಸಿಗುತ್ತದೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಅಲ್ಲಿ ಬೆಳಕಿಗೆ ಬಂದದ್ದು ಎಲ್ಲರಿಗೂ ತಿಳಿದಿದೆ. ಅದೇ ಅಶೋಕನ ಒಂಬತ್ತನೆಯ ಬಂಡೆಶಾಸನವು ಪೂರ್ತಿಯಾಗಿ ಮಂಗಳಾಚರಣೆಗಳ ಬಗ್ಗೆಯೇ ಇದೆ. ಆಂಧ್ರದ ಗುತ್ತಿಯ ಬಳಿಯ ಎರ್ರಗುಡಿಯಲ್ಲೂ ಅದರ ಪಾಠವಿದೆ. ರೋಗ, ಮದುವೆ, ಮಕ್ಕಳ ಜನನ, ಪ್ರಯಾಣ ಇವುಗಳಲ್ಲಿ ಜನ ನಾನಾ ಮಂಗಳಗಳನ್ನು ಮಾಡುತ್ತಾರೆ, ಮಾಡಲಿ, ಆದರೆ ಅವುಗಳ ಫಲ ಅಲ್ಪ ಎನ್ನುವ ಅರಸನು, ಹೆಚ್ಚು ಫಲದ ಧರ್ಮಮಂಗಳ ಯಾವುದೆಂದು ಹೇಳುವಾಗ ಮೊದಲು ಎಣಿಸುವುದು ದಾಸರು ಮತ್ತು ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದನ್ನು. ಆಮೇಲೆ ಹಿರಿಯರ ಗೌರವ, ಪ್ರಾಣಿಗಳಲ್ಲಿ ಸಂಯಮ, ಶ್ರಮಣ ಬ್ರಾಹ್ಮಣರಿಗೆ ದಾನ. ಆ ಮಾತನ್ನು ತಂಗಿಗೆ ವಿವರಿಸಿ, ಎರಡು ದಿನಗಳಿಂದ ಲಾರಿಯಿಂದ ಚೀಲ ಇಳಿಸಿದ ಹಮಾಲನಿಂದಲೇ ಬೋಣಿಗೆ ಆಗಲಿ ಎಂದೆ. ಅವನ ಕೂಲಿಯನ್ನು ಮುಹೂರ್ತಕ್ಕೆ ಮೊದಲೇ ಪೂರ್ತಿ ಕೊಟ್ಟುಬಿಡಬೇಕು, ಬಾಕಿ ಇಟ್ಟುಕೊಂಡು ಅವನಿಂದಲೇ ಕೊಳ್ಳಿಸಿದರೆ ಅದು ಬೋಣಿಗೆಯಲ್ಲ ಎಂದೂ ಸೇರಿಸಿದೆ.

ಮುಹೂರ್ತದ ಬೆಳಿಗ್ಗೆ ಎಲ್ಲ ಕ್ರಮವಾಗಿ ನಡೆಯಿತು. ಹೊಸ್ತಿಲಿಗೆ ಅರಿಶಿನ ಕುಂಕುಮ, ರಂಗೋಲಿ, ತೋರಣ. ಮಹಾವೀರರ ಚಿತ್ರದ ಮುಂದೆ ಕಲಶ. ಣಮೋಕಾರ ಮಂತ್ರ, ನಾಲ್ಕು ಮಂಗಳಗಳ ಪಾಠ. ಅರಿಹಂತರು, ಸಿದ್ಧರು, ಸಾಧುಗಳು, ಕೇವಲಿಗಳು ಹೇಳಿದ ಧರ್ಮ, ಈ ನಾಲ್ಕೇ ಮಂಗಳವೆನ್ನುವ ಆ ಪಾಠದಲ್ಲಿ ವಸ್ತುವೊಂದೂ ಇಲ್ಲವೆಂಬುದು ಅಂದು ನನಗೆ ಹೊಸದಾಗಿ ಹೊಳೆಯಿತು. ಖಾತೆ ಪುಸ್ತಕದ ಮೊದಲ ಪುಟದಲ್ಲಿ ಹುಡುಗ ಸ್ವಸ್ತಿಕ ಬರೆದು, ಅದರ ಮೇಲೆ ರತ್ನತ್ರಯದ ಮೂರು ಬಿಂದು, ಸಿದ್ಧಶಿಲೆಯ ಅರ್ಧಚಂದ್ರ, ಅದರೊಳಗೊಂದು ಬಿಂದುವನ್ನಿಟ್ಟ. ರಾಯಚೂರಿನ ಮಾರವಾಡಿ ಶ್ವೇತಾಂಬರ ವ್ಯಾಪಾರಿಗಳಾದರೆ ಇಲ್ಲಿ ಗೌತಮಸ್ವಾಮಿಯ ಲಬ್ಧಿ, ಶಾಲಿಭದ್ರನ ಸಂಪತ್ತು, ಅಭಯಕುಮಾರನ ಬುದ್ಧಿ, ಬಾಹುಬಲಿಯ ಬಲ ತಮಗಿರಲೆಂದು ಬರೆಯುತ್ತಾರೆ. ನಾವು ವೀರನಿರ್ವಾಣ ಸಂವತ್ಸರವನ್ನಷ್ಟೇ ಬರೆದೆವು. ದೀಪಾವಳಿ ಕಳೆದಿದ್ದರೆ ಇಸವಿಗೆ 527 ಕೂಡಿಸಬೇಕು, ಕಳೆದಿರದಿದ್ದರೆ 526.

ಆಮೇಲೆ ಹಮಾಲನು ಬಂದು ಒಂದು ಕೆ.ಜಿ. ಸಕ್ಕರೆ ಕೇಳಿದ. ಹುಡುಗನು ಸ್ಟೀಲಿನ ಬೋಗುಣಿಯೊಂದನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಅಂಕಿ 1.000 ಆಗುವವರೆಗೆ ಸಕ್ಕರೆ ಸುರಿದು, ಚೀಲಕ್ಕೆ ಹಾಕಿ ಕೊಟ್ಟ. 45 ರೂಪಾಯಿ. ಹಣವನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಪೇಡೆ ಹಂಚಿದರು. ಹಮಾಲನು ಚೀಲ ಹಿಡಿದು ಹೋದ.

ನಾನು ತಕ್ಕಡಿಯ ಕಡೆ ನೋಡುತ್ತಿದ್ದೆ. ಬೋಗುಣಿಯನ್ನು ತೆಗೆದ ಮೇಲೆ ಅದರ ಅಂಕಿ 0.000 ಎಂದು ತೋರಿಸುತ್ತಿತ್ತು. ಬೋಗುಣಿಯ ತೂಕವನ್ನು ಮೊದಲೇ ಕಳೆದಿದ್ದರೆ, ಅದನ್ನು ತೆಗೆದಾಗ ಅಂಕಿಯ ಮುಂದೆ ಋಣಚಿಹ್ನೆ ಬರಬೇಕು. ಬರಲಿಲ್ಲವೆಂದರೆ ಬೋಗುಣಿಯನ್ನು ಸಕ್ಕರೆಯ ಲೆಕ್ಕದಲ್ಲೇ ತೂಗಿದಂತಾಯಿತು. ಮೆಲ್ಲಗೆ ಹೋಗಿ ಖಾಲಿ ಬೋಗುಣಿಯನ್ನಿಟ್ಟೆ: 0.120. ಮೊದಲ ಗಿರಾಕಿಗೆ ಸಿಕ್ಕಿದ್ದು 880 ಗ್ರಾಂ ಸಕ್ಕರೆ.

ತಕ್ಕಡಿಯಲ್ಲಿ ದೋಷವಿರಲಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಅದಕ್ಕಿತ್ತು. ಇಂಥ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಮರುಪರಿಶೀಲನೆಯಾಗಬೇಕೆಂಬುದೂ ಹುಡುಗನಿಗೆ ಗೊತ್ತಿತ್ತು. ಬೋಗುಣಿಯಿಟ್ಟು ‘ಟೇರ್’ ಗುಂಡಿ ಒತ್ತಬೇಕೆಂಬುದೊಂದನ್ನು ಗಡಿಬಿಡಿಯಲ್ಲಿ ಮರೆತಿದ್ದ. ಅವನನ್ನು ಪಕ್ಕಕ್ಕೆ ಕರೆದು ಹೇಳಿದಾಗ ಅವನ ಬಾಯಿಂದ ಮಾತೇ ಹೊರಡಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿಗಳು ಅಚೌರ್ಯವ್ರತದ ಐದು ಅತಿಚಾರಗಳನ್ನು ಹೇಳುತ್ತಾರೆ. ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಲನ್ನು ಸಾಚಾ ಎಂದು ಮಾರುವುದು. ನಾಲ್ಕನೆಯದಕ್ಕೆ ಅಲ್ಲಿರುವ ಹೆಸರು ಹೀನಾಧಿಕಮಾನೋನ್ಮಾನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಮಾನವೆಂದರೆ ಕೊಳಗ ಸೇರಿನಂಥ ಅಳತೆ, ಉನ್ಮಾನವೆಂದರೆ ತಕ್ಕಡಿಯಂಥ ತೂಕ ಎಂದು ಬಿಡಿಸಿ, ಕಡಿಮೆಯದರಿಂದ ಕೊಟ್ಟು ಹೆಚ್ಚಿನದರಿಂದ ಕೊಳ್ಳುವ ಕಪಟವನ್ನು ವಿವರಿಸುತ್ತಾರೆ. ಹುಡುಗನಲ್ಲಿ ಕಪಟವಿರಲಿಲ್ಲ, ಆದ್ದರಿಂದ ಇದು ಆ ಅತಿಚಾರವಲ್ಲ ಎಂದು ವಾದಿಸಬಹುದು. ಆದರೆ ಅದೇ ಅಧ್ಯಾಯ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಬುಡದಲ್ಲಿಡುತ್ತದೆ. ಕಾಯಿಯ ವಿಷಯದಲ್ಲಿ ಭಾವ ಶುದ್ಧವಾಗಿದ್ದರೆ ಸಾಕೆಂದು ನಾನೇ ಹೇಳಿದ್ದೆ. ತಕ್ಕಡಿಯ ಮುಂದೆ ನಿಂತಾಗ ಆ ಮಾತು ಅರ್ಧವೇ ಎನಿಸಿತು. ಭಾವ ಎಷ್ಟು ಶುದ್ಧವಾಗಿದ್ದರೂ ಎದುರಿನವನ ಚೀಲದಲ್ಲಿ 120 ಗ್ರಾಂ ಕಡಿಮೆಯೇ.

ತಂಗಿಯ ಅತ್ತೆಯವರಿಗೆ ವಿಷಯ ಕಿವಿಗೆ ಬಿತ್ತು. “ಬೋಣಿಗೆ ಬೆನ್ನಿಗೇ ಪುಕ್ಕಟೆ ಮಾಲು ಹೊರಗ ಹೋಗಬಾರದು. ಸಂಜಿಗೆ ಕೊಟ್ಟು ಕಳಿಸಿದ್ರಾತು, ಮಂದ್ಯಾಗ ಮರ್ಯಾದಿ ಯಾಕ ಕಳಕೊಂತಿ?” ಎಂದರು. ಅವರದು ಕೆಟ್ಟ ಮಾತೇನೂ ಆಗಿರಲಿಲ್ಲ. ಮೊದಲ ದಿನವೇ ಅಂಗಡಿಗೆ ತೂಕದಲ್ಲಿ ಮೋಸವೆಂಬ ಹೆಸರು ಬಂದರೆ ಮಾನ್ವಿಯಂಥ ಊರಿನಲ್ಲಿ ಅದನ್ನು ತೊಳೆದುಕೊಳ್ಳುವುದು ಸುಲಭವಲ್ಲ. ಹುಡುಗನು ನನ್ನ ಮುಖ ನೋಡಿದ. ಈ ಸಲ ನಾನು ಏನನ್ನೂ ಹೇಳಲಿಲ್ಲ. ಅಂಗಡಿ ಅವನದು.

ಅವನು ಎದ್ದು ಹೊರಗೆ ಓಡಿದ. ಐದು ನಿಮಿಷದಲ್ಲಿ ಹಮಾಲನನ್ನು ಕರೆದುಕೊಂಡು ಬಂದ. ಅತಿಥಿಗಳು ಇನ್ನೂ ಪೇಡೆ ಕೈಯಲ್ಲಿ ಹಿಡಿದು ನಿಂತಿದ್ದರು. ಹಮಾಲನಿಗೆ ಮೊದಲು ಏನೆಂದು ತಿಳಿಯಲಿಲ್ಲ, ತಿಳಿದ ಮೇಲೆ, “ಇಷ್ಟಕ್ಕ ಓಡಿ ಬಂದ್ರೇನ್ರಿ ಸಾವ್ಕಾರ?” ಎಂದು ನಕ್ಕು, ತನ್ನ ಚೀಲವನ್ನು ತಾನೇ ತಕ್ಕಡಿಯ ಮೇಲಿಟ್ಟ. ಚೀಲದ ತೂಕವೂ ಸೇರಿ 0.884. ನೆರೆದವರೆಲ್ಲ ಬಗ್ಗಿ ಆ ಅಂಕಿಯನ್ನು ನೋಡಿದರು. ಯಾರೂ ನಗಲಿಲ್ಲ. ಹುಡುಗನು ಬೋಗುಣಿಯಿಟ್ಟು, ಟೇರ್ ಗುಂಡಿ ಒತ್ತಿ, ಸೊನ್ನೆ ಬಂದದ್ದನ್ನು ಹಮಾಲನಿಗೆ ತೋರಿಸಿ, 120 ಗ್ರಾಂ ತೂಗಿ ಹಾಕಿದ. ಕಾಯಿ ಒಡೆದ ಹಿರಿಯರು ಅಲ್ಲಿಯೇ ನಿಂತಿದ್ದವರು, ತಮಗೂ ಎರಡು ಕೆ.ಜಿ. ಸಕ್ಕರೆ ಬೇಕೆಂದರು.

ಸಂಜೆ ರಾಯಚೂರಿನ ಬಸ್ಸಿಗೆ ಹೊರಡುವ ಮುನ್ನ ಖಾತೆ ಪುಸ್ತಕವನ್ನು ತೆರೆದು ನೋಡಿದೆ. ಸ್ವಸ್ತಿಕದ ಕೆಳಗೆ ಕೆಂಪು ಶಾಯಿಯಲ್ಲಿ ಮೊದಲ ಸಾಲು: ಸಕ್ಕರೆ 1 ಕೆ.ಜಿ., 45 ರೂಪಾಯಿ, ರೋಖ. ಎರಡನೆಯ ಸಾಲಿನಲ್ಲಿ, ಯಾರೂ ಹೇಳದೆಯೇ, ಅವನು ಬರೆದಿದ್ದ: ತೂಕದಲ್ಲಿ ತಪ್ಪು, ಸಕ್ಕರೆ 120 ಗ್ರಾಂ, ತಿರುಗಿ ಕೊಟ್ಟಿದೆ.